ಬಿಲ್‌ನಲ್ಲಿ ಜಿಎಸ್‌ಟಿ ಇಲ್ಲ ಅಂತ ನೌಕರನ ದುಡ್ಡು ತಡೆಯಬಹುದಾ?

ಪ್ರಶ್ನೆ: ಮೇಡಂ, ನಾನು ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಸರ್ವಿಸ್ ಎಂಜಿನಿಯರ್‌ಗಳು ಊರೂರು ತಿರುಗಿ ಬಂದು ಬಿಲ್ ಕೊಡುತ್ತಾರೆ. ಅರ್ಧಕ್ಕರ್ಧ ಬಿಲ್‌ಗಳಲ್ಲಿ ನಮ್ಮ ಜಿಎಸ್‌ಟಿ ನಂಬರ್ ಇರುವುದಿಲ್ಲ. ಕೆಲವದರಲ್ಲಿ ತೆರಿಗೆಯ ಲೆಕ್ಕವೇ ಇರುವುದಿಲ್ಲ. "ಇಂಥವನ್ನು ಪಾಸ್ ಮಾಡಬೇಡಿ" ಅಂತ ಆಡಿಟರ್ ಹೇಳುತ್ತಾರೆ. "ಕೈಯಿಂದ ಹಾಕಿದ ದುಡ್ಡು ಕೊಡಿ" ಅಂತ ಎಂಜಿನಿಯರ್‌ಗಳು ಜಗಳಕ್ಕೆ ಬರುತ್ತಾರೆ. ನವೆಂಬರ್‌ನಲ್ಲಿ ಹುಬ್ಬಳ್ಳಿ, ಕೊಲ್ಹಾಪುರಕ್ಕೆ ಹೋಗಿ ಬಂದವರೊಬ್ಬರ ಫೈಲ್ ಕಳಿಸಿದ್ದೇನೆ. ಯಾವುದನ್ನು ಒಪ್ಪಬೇಕು, ಯಾವುದಕ್ಕೆ ಪಟ್ಟು ಹಿಡಿಯಬೇಕು?

ಉತ್ತರ: ಫೈಲ್ ಪೂರ್ತಿ ನೋಡಿದೆ. ನಾಲ್ಕು ದಿನದ ಪ್ರವಾಸ, 2025ರ ನವೆಂಬರ್ 10ರಿಂದ 13ರವರೆಗೆ. ಹದಿನಾರು ಚೀಟಿ, ಆಟೋ ಖರ್ಚಿಗೆ ಚೀಟಿ ಇಲ್ಲ, ಒಟ್ಟು 23,056 ರೂಪಾಯಿ. ನೀವು ಒಂಬತ್ತು ಚೀಟಿಗಳ ಮೇಲೆ ಕೆಂಪು ಪೆನ್ನಿನಲ್ಲಿ "ಜಿಎಸ್‌ಟಿ ಇಲ್ಲ" ಅಂತ ಬರೆದಿದ್ದೀರಿ. ಅವುಗಳಲ್ಲಿ ಪಟ್ಟು ಹಿಡಿಯಬೇಕಾದದ್ದು ಒಂದೇ ಒಂದು. ಕೇಳಿ ನೋಡಬಹುದಾದದ್ದು ಇನ್ನೊಂದು. ಉಳಿದವುಗಳಲ್ಲಿ ಜಿಎಸ್‌ಟಿ ವಿವರ ಇದ್ದರೂ ನಿಮ್ಮ ಕಂಪನಿಗೆ ಮೂರು ಕಾಸಿನ ಲಾಭ ಇಲ್ಲ. ಕೆಂಪು ಗುರುತು ಹಾಕದೆ ನೀವು ಸೀದಾ ಬಿಟ್ಟ ಒಂದು ಚೀಟಿಯಲ್ಲಿ ಮಾತ್ರ ನಿಜವಾದ ಕೆಲಸ ಬಾಕಿ ಇದೆ.

ಪ್ರತಿ ಬಿಲ್ ಎರಡು ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡಬೇಕು. ಮೊದಲನೆಯದು, ಈ ಮನುಷ್ಯ ಕಂಪನಿಯ ಕೆಲಸಕ್ಕೇ ಈ ದುಡ್ಡು ಖರ್ಚು ಮಾಡಿದನಾ? ಎರಡನೆಯದು, ಇದರೊಳಗಿನ ತೆರಿಗೆ ಕಂಪನಿಗೆ ವಾಪಸ್ ಸಿಗುತ್ತದಾ? ಮೊದಲನೆಯದಕ್ಕೆ "ಹೌದು" ಅಂತ ಬಂದರೆ ನೌಕರನ ದುಡ್ಡು ಕೊಡಲೇಬೇಕು. ಎರಡನೆಯದು ಕಂಪನಿ ಮತ್ತು ಸರ್ಕಾರದ ನಡುವಿನ ವ್ಯವಹಾರ. ಅಲ್ಲಿ "ಇಲ್ಲ" ಅಂತ ಬಂದರೆ ಕಂಪನಿ ಇನ್‌ಪುಟ್ ಕ್ರೆಡಿಟ್ ಬಿಡಬೇಕು, ಅಷ್ಟೇ. ನಿಮ್ಮ ಆಡಿಟರ್ ಹೇಳಿದ್ದು ಕ್ರೆಡಿಟ್ ವಿಷಯದಲ್ಲಿ ಸರಿ. ಆದರೆ "ಕ್ರೆಡಿಟ್ ತೆಗೆದುಕೊಳ್ಳಬೇಡಿ" ಅನ್ನುವುದು ಬಾಯಿಂದ ಬಾಯಿಗೆ ಹೋಗುತ್ತಾ "ದುಡ್ಡು ಕೊಡಬೇಡಿ" ಅಂತ ಆಗಿಬಿಟ್ಟಿದೆ. ಎಷ್ಟೋ ಆಫೀಸುಗಳಲ್ಲಿ ಜಗಳ ಶುರುವಾಗುವುದೇ ಇಲ್ಲಿ.

ಇನ್ನು ಒಂದೊಂದಾಗಿ ನೋಡೋಣ.

ಊಟ ತಿಂಡಿಯ ಒಂಬತ್ತು ಚೀಟಿ, 1,860 ರೂಪಾಯಿ. ಇವುಗಳಲ್ಲಿ ಏಳರ ಮೇಲೆ ಕೆಂಪು ಗುರುತಿದೆ. ಊಟ ಮತ್ತು ಪಾನೀಯದ ಮೇಲಿನ ಜಿಎಸ್‌ಟಿಗೆ ಕಂಪನಿಗೆ ಕ್ರೆಡಿಟ್ ಇಲ್ಲ. ಜಿಎಸ್‌ಟಿ ಕಾನೂನಿನ 17(5)ನೇ ಕಲಮು ಅದನ್ನು ತಡೆದಿದೆ. ಕೆಲವು ವಿನಾಯಿತಿಗಳಿವೆ, ಆದರೆ ಪ್ರವಾಸ ಹೋದ ಎಂಜಿನಿಯರ್‌ನ ಊಟ ಅದರಲ್ಲಿ ಬರುವುದಿಲ್ಲ. ಹೋಟೆಲ್‌ನವನು ನಿಮ್ಮ ನಂಬರ್ ಹಾಕಿ ಚೆಂದದ ಬಿಲ್ ಕೊಟ್ಟರೂ ಆ ಶೇ. 5 ನಿಮಗೆ ಬರುವುದಿಲ್ಲ. ಮೇಲಾಗಿ ಹುಬ್ಬಳ್ಳಿಯ ಖಾನಾವಳಿಯಲ್ಲಿ ಜೋಳದ ರೊಟ್ಟಿ ಊಟ ಹಾಕುವವರಿಗೆ ಜಿಎಸ್‌ಟಿ ನೋಂದಣಿಯೇ ಇಲ್ಲದಿರಬಹುದು. ವರ್ಷದ ವ್ಯವಹಾರ 20 ಲಕ್ಷ ದಾಟದ ಖಾನಾವಳಿಗೆ ನೋಂದಣಿ ಕಡ್ಡಾಯ ಅಲ್ಲ. ನೋಂದಣಿ ಇಲ್ಲದವರು ತೆರಿಗೆ ಹಾಕಿ ಬಿಲ್ ಕೊಡುವಂತೆಯೂ ಇಲ್ಲ. ಹಾಗಿರುವಾಗ ಅವರ ಬಿಳಿ ಚೀಟಿಯನ್ನು ತಿರಸ್ಕರಿಸುವುದಕ್ಕೆ ಅರ್ಥ ಇಲ್ಲ ಅಲ್ವಾ?

ಊಟದ ಚೀಟಿಯಲ್ಲಿ ನೀವು ನೋಡಬೇಕಾದದ್ದು ಮೂರೇ: ಊರು, ತಾರೀಖು, ಮೊತ್ತ. ಅಂಗಡಿ ಹೆಸರು ಅಚ್ಚಾಗಿಲ್ಲದಿದ್ದರೆ ಎಂಜಿನಿಯರ್ ಹಿಂದುಗಡೆ ಬರೆದು ಸಹಿ ಹಾಕಲಿ. ಯುಪಿಐನಲ್ಲಿ ಕೊಟ್ಟಿದ್ದರೆ ಅದರ ಸ್ಕ್ರೀನ್‌ಶಾಟ್ ಜೊತೆಗಿರಲಿ. ದುಡ್ಡು ಹೋದದ್ದು ಅದರಿಂದ ಗೊತ್ತಾಗುತ್ತದೆ, ಏನಕ್ಕೆ ಹೋಯಿತು ಅನ್ನುವುದು ಚೀಟಿಯಿಂದ ಗೊತ್ತಾಗುತ್ತದೆ. ನನ್ನನ್ನು ಕೇಳಿದರೆ ಈ ಚೀಟಿಗಳ ಸಹವಾಸವೇ ಬೇಡ. ದಿನಕ್ಕೆ ಇಷ್ಟು ಅಂತ ಊಟದ ಭತ್ಯೆ ನಿಗದಿ ಮಾಡಿ. ದಿನಕ್ಕೆ 500 ಅಂದುಕೊಂಡರೂ ನಾಲ್ಕು ದಿನಕ್ಕೆ 2,000 ಆಗುತ್ತಿತ್ತು. ಈಗ ಆಗಿರುವುದು 1,860, ಜೊತೆಗೆ ಒಂಬತ್ತು ಚೀಟಿ, ನಿಮ್ಮ ಒಂದು ಗಂಟೆ. ಭತ್ಯೆ ಕೊಟ್ಟರೆ ಪ್ರವಾಸ ನಡೆದದ್ದಕ್ಕೆ ದಾಖಲೆ ಇರಬೇಕು. ಅಂದರೆ ಯಾವ ಗಿರಾಕಿ, ಯಾವ ದಿನ, ಏನು ಕೆಲಸ ಅಂತ. ನಿಮ್ಮ ಸರ್ವಿಸ್ ರಿಪೋರ್ಟಿನಲ್ಲೇ ಗಿರಾಕಿಯ ಸಹಿ ಇರುತ್ತದೆ, ಅದು ಸಾಕು. ಭತ್ಯೆ ಮಾತ್ರ ಆ ಊರಿನ ಖರ್ಚಿಗೆ ತಕ್ಕಷ್ಟಿರಲಿ. ತೀರಾ ಜಾಸ್ತಿ ಕೊಟ್ಟರೆ ಆದಾಯ ತೆರಿಗೆಯವರು ಅದನ್ನು ಸಂಬಳ ಅಂತ ನೋಡಬಹುದು.

ಬಸ್ಸಿನ ಎರಡು ಟಿಕೆಟ್, 1,480. ಸರ್ಕಾರಿ ಬಸ್ಸು, ಎಸಿ ಅಲ್ಲ, ಹಾಗಾಗಿ ತೆರಿಗೆಯೂ ಇಲ್ಲ. ರೈಲು ಟಿಕೆಟ್ 1,100, ಎಸಿ ಬೋಗಿ. ಇದರಲ್ಲಿ ಶೇ. 5 ಜಿಎಸ್‌ಟಿ ಸೇರಿದೆ, ಸುಮಾರು 50 ರೂಪಾಯಿ. ಐಆರ್‌ಸಿಟಿಸಿಯಲ್ಲಿ ಬುಕ್ ಮಾಡುವಾಗಲೇ ಕಂಪನಿಯ ನಂಬರ್ ತುಂಬಬಹುದಿತ್ತು. ಈ ಸಲ ಹೋಯಿತು ಬಿಡಿ, ಮುಂದಿನ ಸಲ ತುಂಬಲು ಹೇಳಿ. ನಾಳೆ ಯಾರಾದರೂ ಸ್ವಂತ ಬೈಕ್, ಕಾರಿನಲ್ಲಿ ಹೋಗಿ ಪೆಟ್ರೋಲ್ ಬಿಲ್ ತಂದರೂ ಇದೇ ಮಾತು. ಪೆಟ್ರೋಲ್, ಡೀಸೆಲ್ ಜಿಎಸ್‌ಟಿ ವ್ಯಾಪ್ತಿಗೇ ಬಂದಿಲ್ಲ. ಅಲ್ಲಿ ಜಿಎಸ್‌ಟಿ ಬಿಲ್ ಕೇಳಬೇಡಿ, ಗಾಡಿ ನಂಬರ್ ಮತ್ತು ಕಿಲೋಮೀಟರ್ ಕೇಳಿ.

ಆಟೋ 640, ಚೀಟಿ ಇಲ್ಲ. ರಸ್ತೆಯಲ್ಲಿ ಕೈ ಅಡ್ಡ ಹಾಕಿ ಹತ್ತಿದ ಆಟೋದವರು ರಸೀದಿ ಕೊಡುವುದಿಲ್ಲ. ಒಂದು ಹಾಳೆಯಲ್ಲಿ ತಾರೀಖು, ಎಲ್ಲಿಂದ ಎಲ್ಲಿಗೆ, ಯಾಕೆ, ಎಷ್ಟು ಅಂತ ಬರೆಸಿ ಸಹಿ ಮಾಡಿಸಿಕೊಳ್ಳಿ. "ಲೋಕಲ್ ಕನ್ವೇಯನ್ಸ್ 640" ಅಂತ ಒಂದೇ ಸಾಲು ಬರೆದುಕೊಟ್ಟರೆ ಒಪ್ಪಬೇಡಿ. "ನ. 11, ಲಾಡ್ಜ್‌ನಿಂದ ಫ್ಯಾಕ್ಟರಿಗೆ, 120" ಅಂತ ಬಿಡಿಬಿಡಿಯಾಗಿ ಇರಲಿ. ಅದನ್ನು ಸರ್ವಿಸ್ ರಿಪೋರ್ಟಿನ ತಾರೀಖಿನ ಜೊತೆ ತಾಳೆ ನೋಡಬಹುದು. ಪಟ್ಟು ಹಿಡಿಯಬೇಕಾದದ್ದು ಇಂಥದ್ದಕ್ಕೆ.

ಈಗ ರೂಮಿನ ಬಾಡಿಗೆ. ಇಲ್ಲಿ ಎರಡು ಬಿಲ್ ಇವೆ, ಮತ್ತು ಎರಡರಲ್ಲೂ ನೀವು ತಿಳಿದುಕೊಂಡದ್ದು ಉಲ್ಟಾ ಆಗಿದೆ.

ಕೊಲ್ಹಾಪುರದ ಹೋಟೆಲ್, ಒಂದು ರಾತ್ರಿ, 2,800 ಮತ್ತು ತೆರಿಗೆ 140. ಬಿಲ್ ನೋಡಲು ಅಚ್ಚುಕಟ್ಟು. ಕಂಪನಿಯ ಹೆಸರು ಇದೆ, ನಿಮ್ಮ ಜಿಎಸ್‌ಟಿ ನಂಬರ್ ಇದೆ. ನೀವು "ಓಕೆ, ಕ್ರೆಡಿಟ್" ಅಂತ ಬರೆದಿದ್ದೀರಿ. ಆದರೆ ಈ 140 ನಿಮಗೆ ಬರುವುದಿಲ್ಲ. ರೂಮಿನ ಬಾಡಿಗೆಗೆ ತೆರಿಗೆ ಬೀಳುವುದು ಕಟ್ಟಡ ಇರುವ ರಾಜ್ಯದಲ್ಲಿ. ಹಾಗಾಗಿ ಅವರು ಹಾಕಿರುವುದು ಸಿಜಿಎಸ್‌ಟಿ ಮತ್ತು ಮಹಾರಾಷ್ಟ್ರದ ಎಸ್‌ಜಿಎಸ್‌ಟಿ. ನಿಮ್ಮ ಕಂಪನಿಯ ನೋಂದಣಿ ಕರ್ನಾಟಕದಲ್ಲಿ ಮಾತ್ರ ಇದೆ, ನಂಬರ್ 29ರಿಂದ ಶುರುವಾಗುತ್ತದೆ. ಹೋಟೆಲ್‌ನ ನಂಬರ್ 27ರಿಂದ. ಇಂಥ ಬಿಲ್ ನಿಮ್ಮ 2ಬಿ ಪಟ್ಟಿಯಲ್ಲಿ, ಅಂದರೆ ಮಾರಿದವರು ತೋರಿಸಿದ ಬಿಲ್‌ಗಳು ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮಗೆ ಕಾಣುವ ಪಟ್ಟಿಯಲ್ಲಿ, ಬಂದರೂ "ಕ್ರೆಡಿಟ್ ಸಿಗದ್ದು" ಅನ್ನುವ ಭಾಗದಲ್ಲಿ ಬರುತ್ತದೆ. ಪೂರ್ತಿ 2,940 ಖರ್ಚಿಗೆ ಹಾಕಿ. ಗೋವಾ, ಹೈದರಾಬಾದ್, ಚೆನ್ನೈ ಎಲ್ಲಿ ಉಳಿದುಕೊಂಡರೂ ಇದೇ ಕಥೆ. ಹೊರರಾಜ್ಯದ ಹೋಟೆಲ್ ಬಿಲ್‌ನಲ್ಲಿ ನಿಮ್ಮ ನಂಬರ್ ಇಲ್ಲ ಅಂತ ಯಾರ ದುಡ್ಡನ್ನೂ ತಡೆಯಬೇಡಿ. ವಿಮಾನದ ಟಿಕೆಟ್ ಹೀಗಲ್ಲ, ಅಲ್ಲಿ ಬುಕ್ ಮಾಡುವಾಗ ಕಂಪನಿಯ ನಂಬರ್ ಕೊಟ್ಟಿದ್ದರೆ ತೆರಿಗೆ ನಿಮ್ಮ ರಾಜ್ಯದ ಲೆಕ್ಕಕ್ಕೇ ಬರುತ್ತದೆ, ಹಾಗಾಗಿ ಕೇಳಿ ಪಡೆಯುವುದು ಲಾಭ.

ಹುಬ್ಬಳ್ಳಿಯ ಲಾಡ್ಜ್, ಎರಡು ರಾತ್ರಿ, 4,800 ಮತ್ತು ತೆರಿಗೆ 240. ಇದು ಕರ್ನಾಟಕದ್ದು, ಹಾಗಾಗಿ ಈ 240 ಬರಬೇಕಾದ ದುಡ್ಡು. ಆದರೆ ಬಿಲ್ ಎಂಜಿನಿಯರ್ ಹೆಸರಿನಲ್ಲಿದೆ, ಕಂಪನಿಯ ನಂಬರ್ ಇಲ್ಲ. "7,500ರ ಒಳಗಿನ ರೂಮಿಗೆ ಶೇ. 5, ಅದಕ್ಕೆ ಕ್ರೆಡಿಟ್ ಇಲ್ಲ" ಅಂತ ನೀವು ಬರೆದಿದ್ದೀರಿ. 2025ರ ಸೆಪ್ಟೆಂಬರ್ 22ರಿಂದ ಬಂದ ಆ ಷರತ್ತು ಲಾಡ್ಜ್‌ನವರಿಗೆ. ಅವರು ತಮ್ಮ ಖರೀದಿಯ ಮೇಲಿನ ಕ್ರೆಡಿಟ್ ತೆಗೆದುಕೊಳ್ಳುವಂತಿಲ್ಲ. ಅವರು ನಿಮಗೆ ಹಾಕಿದ ಶೇ. 5ರ ಕ್ರೆಡಿಟ್ ನೀವು ತೆಗೆದುಕೊಳ್ಳಬಹುದು. ಲಾಡ್ಜ್‌ಗೆ ಒಂದು ಫೋನ್ ಮಾಡಿ, ನಿಮ್ಮ ನೋಂದಣಿ ಪತ್ರದ ಪ್ರತಿ ಕಳಿಸಿ, ಬಿಲ್ ತಿದ್ದಿಕೊಡಲು ಕೇಳಿ. ಕೊಟ್ಟರೆ ಒಳ್ಳೆಯದು. ಕೊಡದಿದ್ದರೆ 240 ರೂಪಾಯಿಗೆ ಮೂರನೇ ಫೋನ್ ಮಾಡಬೇಡಿ.

ಮುಖ್ಯವಾದ ಬಿಲ್ ಇನ್ನೊಂದಿದೆ. ಹುಬ್ಬಳ್ಳಿಯ ಅಂಗಡಿಯಲ್ಲಿ ಕೊಂಡ ಬೇರಿಂಗ್ ಮತ್ತು ಆಯಿಲ್ ಸೀಲ್, 8,496 ರೂಪಾಯಿ. ಚೀಟಿಯ ಮೇಲೆ "ಕ್ಯಾಶ್ ಬಿಲ್" ಅಂತ ಇದೆ. ಅಂಗಡಿಯ ಜಿಎಸ್‌ಟಿ ನಂಬರ್ ಅಚ್ಚಾಗಿದೆ. ಕೆಳಗೆ ಒಂದೇ ಸಾಲು, ಒಂದೇ ಮೊತ್ತ. ತೆರಿಗೆ ಎಷ್ಟು ಅಂತ ಇಲ್ಲ, ನಿಮ್ಮ ಹೆಸರೂ ಇಲ್ಲ. ಶೇ. 18ರ ಲೆಕ್ಕದಲ್ಲಿ ಇದು 7,200 ಮತ್ತು 1,296 ಆಗುತ್ತದೆ. ಇಡೀ ಫೈಲಿನಲ್ಲಿ ತಿದ್ದಿಸಿದರೆ ವಾಪಸ್ ಬರಬಹುದಾದದ್ದು ಲಾಡ್ಜ್‌ನ 240 ಮತ್ತು ಇದರ 1,296, ಒಟ್ಟು 1,536. ಅದರಲ್ಲಿ ಸಿಂಹಪಾಲು ಈ ಒಂದು ಚೀಟಿಯಲ್ಲಿದೆ. ನಿಮ್ಮ ಸಮಯ ಇಲ್ಲಿ ಹಾಕಿ.

ಮೊದಲು ಕಂಪ್ಯೂಟರ್ ಮುಂದೆ ಕೂತು gst.gov.in ತೆರೆಯಿರಿ. ಅಲ್ಲಿ "Search Taxpayer" ಅಂತ ಇದೆ. ಅಂಗಡಿಯ ನಂಬರ್ ಹಾಕಿ. ಲಾಗಿನ್ ಬೇಕಾಗಿಲ್ಲ. ಅಂಗಡಿಯ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯಾ ರದ್ದಾಗಿದೆಯಾ, ಮತ್ತು "Regular" ಅಥವಾ "Composition" ಅಂತ ಕಾಣುತ್ತದೆ. ಕಂಪೋಸಿಷನ್ ಅಂತ ಬಂದರೆ ಅಲ್ಲಿಗೆ ಮುಗಿಯಿತು. ಆ ವ್ಯಾಪಾರಿ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತೆಯೇ ಇಲ್ಲ. ಆಗ ಆ ಚೀಟಿಯೊಳಗೆ 1,296 ಅನ್ನುವುದೇ ಇಲ್ಲ, ಪೂರ್ತಿ 8,496 ಮಾಲಿನ ಬೆಲೆ. ಎಂಜಿನಿಯರ್‌ನ ತಪ್ಪೂ ಇಲ್ಲ.

ರೆಗ್ಯುಲರ್ ಅಂತ ಬಂದರೆ ಕೇಳುವ ಹಕ್ಕು ನಿಮಗಿದೆ. ಅಂಗಡಿಯವರು ಟ್ಯಾಕ್ಸ್ ಇನ್‌ವಾಯ್ಸ್ ಕೊಡಬೇಕು. ಅದರಲ್ಲಿ ಏನೇನು ಇರಲೇಬೇಕು? ನಿಯಮ 46ರಲ್ಲಿ ದೊಡ್ಡ ಪಟ್ಟಿ ಇದೆ, ಆದರೆ ನಿಯಮ 36(2) ನಿಮ್ಮ ಕೈ ಹಿಡಿಯುತ್ತದೆ. ಆ ಪಟ್ಟಿಯಲ್ಲಿ ಏನೋ ಒಂದೆರಡು ಬಿಟ್ಟುಹೋಗಿದ್ದರೂ ಐದು ವಿಷಯ ಇದ್ದರೆ ಕ್ರೆಡಿಟ್ ತೆಗೆದುಕೊಳ್ಳಬಹುದು: ಹಾಕಿದ ತೆರಿಗೆಯ ಮೊತ್ತ, ಮಾಲಿನ ವಿವರ, ಒಟ್ಟು ಬೆಲೆ, ಅಂಗಡಿಯ ಮತ್ತು ನಿಮ್ಮ ಜಿಎಸ್‌ಟಿ ನಂಬರ್, ಬೇರೆ ರಾಜ್ಯದ ವ್ಯಾಪಾರವಾಗಿದ್ದರೆ ಮಾಲು ಸೇರುವ ರಾಜ್ಯ. ಎಚ್‌ಎಸ್‌ಎನ್ ಕೋಡ್ ಇಲ್ಲ, ವಿಳಾಸದಲ್ಲಿ ಪಿನ್ ಕೋಡ್ ತಪ್ಪು ಅಂತ ಬಿಲ್ ವಾಪಸ್ ಕಳಿಸುವ ಅಕೌಂಟೆಂಟ್‌ಗಳನ್ನು ತುಂಬಾ ನೋಡಿದ್ದೇನೆ. ಅಷ್ಟಕ್ಕೆಲ್ಲ ನೌಕರನನ್ನು ಓಡಾಡಿಸಬೇಡಿ. ಆದರೆ ಈ ಐದರಲ್ಲಿ ಒಂದು ಇಲ್ಲದಿದ್ದರೂ ಬಿಡಬೇಡಿ. ನಿಮ್ಮ ಚೀಟಿಯಲ್ಲಿ ತೆರಿಗೆ ಮೊತ್ತವೂ ಇಲ್ಲ, ನಿಮ್ಮ ನಂಬರೂ ಇಲ್ಲ. ಹಾಗಾಗಿ ಹೊಸ ಬಿಲ್ ಬೇಕೇ ಬೇಕು. ಅಂಗಡಿ ದೊಡ್ಡದಾಗಿದ್ದರೆ, ಅಂದರೆ ವ್ಯವಹಾರ 5 ಕೋಟಿ ದಾಟಿದ್ದರೆ, ನಿಮಗೆ ಕೊಡುವ ಬಿಲ್ ಇ-ಇನ್‌ವಾಯ್ಸ್ ಆಗಿರಬೇಕು. ಅದರಲ್ಲಿ ಕ್ಯುಆರ್ ಕೋಡ್ ಇದೆಯಾ ನೋಡಿ.

ಇಲ್ಲಿ ದಿನಗಳ ಲೆಕ್ಕ ಮುಖ್ಯ. ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಅಂಗಡಿಯವರು ನವೆಂಬರ್ ತಿಂಗಳ ಮಾರಾಟದ ಪಟ್ಟಿಯನ್ನು ಡಿಸೆಂಬರ್ 11ರೊಳಗೆ ಸಲ್ಲಿಸುತ್ತಾರೆ. ಅದಕ್ಕಿಂತ ಮೊದಲು ಕೇಳಿದರೆ ಅವರಿಗೆ ಹಳೆಯದನ್ನು ರದ್ದು ಮಾಡಿ ಹೊಸದು ಕೊಡುವುದು ಐದು ನಿಮಿಷದ ಕೆಲಸ. ಪಟ್ಟಿ ಸಲ್ಲಿಸಿದ ಮೇಲೆ ತಿದ್ದುಪಡಿ ಹಾಕಬೇಕು, ಆಗ ಸಾಮಾನ್ಯವಾಗಿ ಕೈ ಚೆಲ್ಲುತ್ತಾರೆ. ಪ್ರವಾಸದಿಂದ ಬಂದ ಐದು ದಿನದೊಳಗೆ ಬಿಲ್ ಕೊಡಬೇಕು ಅಂತ ಎಂಜಿನಿಯರ್‌ಗಳಿಗೆ ಹೇಳಲು ಇದೇ ಸರಿಯಾದ ಕಾರಣ. ಕಾರಣ ಹೇಳಿದರೆ ಅವರೂ ಕೇಳುತ್ತಾರೆ.

ಹೊಸ ಬಿಲ್ ಕೈಗೆ ಬಂದ ಮಾತ್ರಕ್ಕೆ ಕ್ರೆಡಿಟ್ ಹಾಕಿಕೊಳ್ಳಬೇಡಿ. ಅದು ನಿಮ್ಮ 2ಬಿಯಲ್ಲಿ ಕಾಣಬೇಕು. ಸಣ್ಣ ವ್ಯಾಪಾರಿಗಳು, ಸಣ್ಣ ಲಾಡ್ಜ್‌ನವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವುದುಂಟು. ಅಂಥವರ ನವೆಂಬರ್ ಬಿಲ್ ಜನವರಿ 14ಕ್ಕೆ ಬರುವ ಪಟ್ಟಿಯಲ್ಲಿ ಕಾಣಬಹುದು. ಕಾಯಿರಿ. 2025-26ರ ಹಣಕಾಸು ವರ್ಷದ ಬಿಲ್‌ಗೆ 2026ರ ನವೆಂಬರ್ 30ರವರೆಗೆ ಅವಕಾಶ ಇದೆ, ಅದಕ್ಕೆ ಮೊದಲೇ ನಿಮ್ಮ ವಾರ್ಷಿಕ ರಿಟರ್ನ್ ಸಲ್ಲಿಸಿಬಿಟ್ಟರೆ ಅವತ್ತಿಗೇ ಮುಗಿಯುತ್ತದೆ. ಆದರೆ ಕಾಯುವುದು ಕಂಪನಿಯ ಕೆಲಸ. 2ಬಿಯಲ್ಲಿ ಬರಲಿ ಅಂತ ಎಂಜಿನಿಯರ್‌ನ ದುಡ್ಡು ಹಿಡಿದಿಟ್ಟುಕೊಂಡರೆ ಅವನ ಮನೆಯ ಇಎಂಐ ಕಾಯುವುದಿಲ್ಲ.

ಅಂಗಡಿಯವರು ಕೊಡಲೇ ಇಲ್ಲ ಅಂತ ಇಟ್ಟುಕೊಳ್ಳಿ. ಆಗಲೂ 8,496 ಕೊಡಿ. ಪೂರ್ತಿ ಮೊತ್ತ ಬಿಡಿಭಾಗದ ಖರ್ಚಿಗೆ ಹೋಗುತ್ತದೆ. 1,296 ಖರ್ಚಾಗಿಯೇ ಲೆಕ್ಕಕ್ಕೆ ಬರುವುದರಿಂದ ಆದಾಯ ತೆರಿಗೆಯಲ್ಲಿ ಅಷ್ಟು ಲಾಭ ಕಡಿಮೆ ತೋರುತ್ತದೆ. ಸುಮಾರು ಶೇ. 25 ತೆರಿಗೆ ಕಟ್ಟುವ ಕಂಪನಿಗೆ 325 ರೂಪಾಯಿಯಷ್ಟು ಉಳಿಯುತ್ತದೆ. ನಿಜವಾದ ನಷ್ಟ 970ರ ಆಸುಪಾಸು. ಒಂದು ಮಾತ್ರ ಮಾಡಬೇಡಿ: ಚೀಟಿಯಲ್ಲಿ ತೆರಿಗೆ ಇಲ್ಲದಿದ್ದರೂ ಕ್ಯಾಲ್ಕ್ಯುಲೇಟರ್‌ನಲ್ಲಿ ಹಿಂದಕ್ಕೆ ಲೆಕ್ಕ ಹಾಕಿ ಟ್ಯಾಲಿಯಲ್ಲಿ ಇನ್‌ಪುಟ್ ಅಂತ ಎಂಟ್ರಿ ಮಾಡುವುದು. ತಪ್ಪಾಗಿ ತೆಗೆದುಕೊಂಡು ಬಳಸಿದ ಕ್ರೆಡಿಟ್‌ಗೆ ವರ್ಷಕ್ಕೆ ಶೇ. 18 ಬಡ್ಡಿ ಬೀಳುತ್ತದೆ.

ಇದೇ ಚೀಟಿಯಲ್ಲಿ ಇನ್ನೊಂದನ್ನು ನೋಡಿದಿರಾ? ದುಡ್ಡು ಹೇಗೆ ಕೊಟ್ಟರು ಅಂತ. ನಗದು ಅಂತ ಇದೆ. 8,496 ಆದ್ದರಿಂದ ತೊಂದರೆ ಇಲ್ಲ. ಒಂದೇ ದಿನ ಒಬ್ಬರಿಗೇ 10,000 ದಾಟಿ ನಗದು ಕೊಟ್ಟಿದ್ದರೆ ಆದಾಯ ತೆರಿಗೆಯಲ್ಲಿ ಆ ಖರ್ಚನ್ನು ಒಪ್ಪುವುದಿಲ್ಲ. ಎರಡು ಬಿಲ್ ಮಾಡಿಸಿದರೂ ಉಪಯೋಗ ಇಲ್ಲ, ಒಂದು ದಿನದ ಒಟ್ಟು ಮೊತ್ತವೇ ಲೆಕ್ಕ. ಬಿಡಿಭಾಗ ಕೊಳ್ಳುವಾಗ ಯುಪಿಐ ಅಥವಾ ಕಾರ್ಡ್ ಬಳಸಲು ಹೇಳಿ.

ಇನ್ನು ನೀವು ಗುರುತು ಹಾಕದೆ ಬಿಟ್ಟ ಚೀಟಿ. ಸುಟ್ಟ ಮೋಟರನ್ನು ಪಾರ್ಸೆಲ್ ಆಫೀಸಿನಿಂದ ಬೆಂಗಳೂರಿಗೆ ಕಳಿಸಿದ್ದು, 1,500 ರೂಪಾಯಿ, ಜೊತೆಗೆ ಒಂದು ಎಲ್‌ಆರ್, ಅಂದರೆ ಸರಕು ಒಪ್ಪಿಕೊಂಡದ್ದಕ್ಕೆ ಸಾಗಣೆಯವರು ಕೊಡುವ ಲಾರಿ ರಸೀದಿ. ತೆರಿಗೆ ಇಲ್ಲ, ಸಣ್ಣ ಮೊತ್ತ ಅಂತ ನೇರ ಪಾಸ್ ಮಾಡಿದ್ದೀರಿ. ಆದರೆ ಎಲ್‌ಆರ್ ಕೊಟ್ಟು ರಸ್ತೆಯಲ್ಲಿ ಸರಕು ಸಾಗಿಸುವವರು ತಾವು ತೆರಿಗೆ ಹಾಕದಿದ್ದರೆ, ಬಾಡಿಗೆ ಕೊಟ್ಟ ಕಂಪನಿಯೇ ಶೇ. 5 ಕಟ್ಟಬೇಕು. ಇದೇ ರಿವರ್ಸ್ ಚಾರ್ಜ್. ದುಡ್ಡು ಎಂಜಿನಿಯರ್ ಕೈಯಿಂದ ಹೋಗಿದ್ದರೂ ಅದು ನಿಮ್ಮ ಕಂಪನಿಯ ಬಾಡಿಗೆಯೇ. 75 ರೂಪಾಯಿಯನ್ನು ರಿಟರ್ನ್‌ನಲ್ಲಿ ತೋರಿಸಿ ನಗದು ಲೆಡ್ಜರ್‌ನಿಂದ ಕಟ್ಟಿ, ಅದೇ ತಿಂಗಳು ಅಷ್ಟನ್ನೂ ಕ್ರೆಡಿಟ್ ತೆಗೆದುಕೊಳ್ಳಿ. ಕೆಲವು ಟ್ರಾನ್ಸ್‌ಪೋರ್ಟ್‌ನವರು ತಾವೇ ತೆರಿಗೆ ಹಾಕುತ್ತಾರೆ, ಆಗ ಬಿಲ್‌ನಲ್ಲೇ ಕಾಣುತ್ತದೆ, ನೀವು ಕಟ್ಟಬೇಕಾಗಿಲ್ಲ. ಊರೊಳಗೆ ಎಲ್‌ಆರ್ ಇಲ್ಲದೆ ಬಾಡಿಗೆ ಟೆಂಪೋದಲ್ಲಿ ತಂದ ಸಾಮಾನಿಗೂ ಇದು ಬರುವುದಿಲ್ಲ. ಆದ್ದರಿಂದ ಸಾಗಣೆ ಚೀಟಿ ಬಂದಾಗ ನೀವು ಕೇಳಬೇಕಾದದ್ದು "ಎಲ್‌ಆರ್ ಇದೆಯಾ" ಅಂತ. ಕಾರ್ಖಾನೆಗಳ ಲೆಕ್ಕ ನೋಡುವಾಗ ನನಗೆ ಪದೇ ಪದೇ ಸಿಗುವ ತಪ್ಪು ಇದು. ಸಿಬ್ಬಂದಿಯ ಕ್ಲೈಮ್ ಒಳಗೆ ಬಂದ ಸಾಗಣೆ ಬಾಡಿಗೆ "ಪ್ರವಾಸ ವೆಚ್ಚ" ಅಂತ ಒಂದೇ ಲೆಡ್ಜರ್‌ಗೆ ಹೋಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ಹಳೆಯ ಅನುಭವ ಹೇಳಬೇಕು. ನೀವು ಈಗ ಹಾಕಲು ಹೊರಟಿರುವ ನಿಯಮವನ್ನೇ ಒಂದು ಕಂಪನಿ ಹಾಕಿತ್ತು. ಜಿಎಸ್‌ಟಿ ಬಂದ ಹೊಸದು. "ಜಿಎಸ್‌ಟಿ ಬಿಲ್ ಇಲ್ಲದಿದ್ದರೆ ದುಡ್ಡಿಲ್ಲ" ಅಂತ ನೋಟಿಸ್ ಹಚ್ಚಿದರು. ಎರಡು ತಿಂಗಳಲ್ಲಿ ಎಲ್ಲರ ಬಿಲ್ ಸರಿಯಾಗಿ ಬರತೊಡಗಿತು. ಫೈನಾನ್ಸ್ ಮ್ಯಾನೇಜರ್‌ಗೆ ಖುಷಿ. ನಾನು ಆಡಿಟ್‌ಗೆ ಕೂತಾಗ ಮೂವರು ಎಂಜಿನಿಯರ್‌ಗಳ ಫೈಲ್ ಮೇಜಿನ ಮೇಲೆ ಒಟ್ಟಿಗೆ ಇತ್ತು. ಒಂದೇ ಲಾಡ್ಜ್. ತಾರೀಖು ಜನವರಿ 6, ಜನವರಿ 19, ಫೆಬ್ರುವರಿ 2. ಬಿಲ್ ನಂಬರ್ 412, 413, 414. ಸುಮಾರು ಒಂದು ತಿಂಗಳಲ್ಲಿ ಆ ಲಾಡ್ಜ್‌ಗೆ ಬಂದವರು ನಮ್ಮ ಮೂವರೇ ಅಂತಾಯಿತು! ಮೂರರಲ್ಲೂ ಒಂದೇ ಕೈಬರಹ, ಒಂದೇ ನೀಲಿ ಶಾಯಿ. ಪೋರ್ಟಲ್‌ನಲ್ಲಿ ನಂಬರ್ ಹಾಕಿದರೆ ಆ ನೋಂದಣಿ ರದ್ದಾಗಿತ್ತು.

ಅವರನ್ನು ಕೂರಿಸಿ ಕೇಳಿದೆ. ಒಬ್ಬರು ನೋಂದಣಿ ಇಲ್ಲದ ಸಣ್ಣ ಲಾಡ್ಜ್‌ನಲ್ಲಿ ಇದ್ದರು, ನಿಜವಾದ ಬಿಲ್ ಪರ್ಸಿನಲ್ಲೇ ಮಡಚಿ ಇಟ್ಟಿದ್ದರು. ಮೊತ್ತವೂ ಅದೇ. ದುಡ್ಡು ಹೊಡೆಯಲು ಅಲ್ಲ, ಹೋದ ದುಡ್ಡು ವಾಪಸ್ ಪಡೆಯಲು ಸುಳ್ಳು ಬಿಲ್ ತಂದಿದ್ದರು. ಆ ಬಿಲ್‌ಗಳ ಮೇಲೆ ಕಂಪನಿ ತೆಗೆದುಕೊಂಡ ಕ್ರೆಡಿಟ್ ಪೂರ್ತಿ ಬಡ್ಡಿ ಸಮೇತ ವಾಪಸ್ ಕಟ್ಟಬೇಕಾಯಿತು. ಸೇವೆಯೇ ನಡೆಯದ ಬಿಲ್ ಮೇಲೆ ಕ್ರೆಡಿಟ್ ತೆಗೆದುಕೊಂಡರೆ ಬರೀ ಬಡ್ಡಿಗೆ ನಿಲ್ಲದೆ ದಂಡಕ್ಕೂ ಹೋಗಬಹುದು. ಮಡಚಿದ ಆ ಬಿಲ್ ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ. ಅದನ್ನು ಒಪ್ಪಿಕೊಂಡಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ.

ಹಾಗಾಗಿ ನಕಲಿ ಬಿಲ್ ಪತ್ತೆ ಮಾಡಲು ಬಿಲ್‌ಗಳನ್ನು ಒಬ್ಬೊಬ್ಬರದಾಗಿ ನೋಡಬೇಡಿ, ಒಂದೇ ಹೋಟೆಲ್‌ನ ಎಲ್ಲ ಬಿಲ್‌ಗಳನ್ನು ತಿಂಗಳಿಗೊಮ್ಮೆ ಪಕ್ಕಪಕ್ಕ ಇಟ್ಟು ನಂಬರ್ ಮತ್ತು ತಾರೀಖು ನೋಡಿ. ನಂಬರ್ ಸಾಗಿದ ಹಾಗೆ ತಾರೀಖೂ ಸಾಗಬೇಕು, ನಡುವೆ ಬೇರೆ ಗಿರಾಕಿಗಳ ಜಾಗ ಇರಬೇಕು. ಇನ್ನೊಂದು ಸುಲಭದ ಗುರುತು ತೆರಿಗೆ ದರ. ಸೆಪ್ಟೆಂಬರ್ 22ರ ನಂತರ 2,400ರ ರೂಮಿಗೆ ಶೇ. 12 ಹಾಕಿದ ಬಿಲ್ ಬಂದರೆ, ಒಂದೋ ಲಾಡ್ಜ್‌ನವರು ಹಳೆಯ ದರವನ್ನೇ ಹಾಕುತ್ತಿದ್ದಾರೆ, ಇಲ್ಲವೇ ಯಾರೋ ಹಳೆಯ ಬಿಲ್‌ನ ತಾರೀಖು ಬದಲಿಸಿದ್ದಾರೆ. ಫೋನ್ ಮಾಡಿ ಕೇಳುವಷ್ಟು ಕಾರಣ ಅದು.

ಇನ್ನು ನಿಮ್ಮ ಈ ಫೈಲ್. ಆಟೋದ ವಿವರ ಬರೆಸಿಕೊಳ್ಳಿ, ಖಾನಾವಳಿಯ ಎರಡು ಬಿಳಿ ಚೀಟಿಗಳ ಹಿಂದೆ ಸಹಿ ಹಾಕಿಸಿ, ಪೂರ್ತಿ 23,056 ರೂಪಾಯಿ ಎಂಜಿನಿಯರ್ ಖಾತೆಗೆ ಹಾಕಿ. ಆಮೇಲೆ ಬೇರಿಂಗ್ ಅಂಗಡಿಗೆ ನೀವೇ ಫೋನ್ ಮಾಡಿ, ಎಂಜಿನಿಯರ್ ಕೈಲಿ ಮಾಡಿಸಬೇಡಿ. ಕಂಪನಿಯಿಂದ, ಅದೂ ನೋಂದಣಿ ಪತ್ರ ಕೈಯಲ್ಲಿ ಹಿಡಿದು ಮಾತಾಡಿದರೆ ಅಂಗಡಿಯವರು ಬೇಗ ಕೇಳುತ್ತಾರೆ. ನೋಂದಣಿಯಲ್ಲಿ ಇರುವಂತೆಯೇ ಕಂಪನಿಯ ಹೆಸರು, ವಿಳಾಸ, ಜಿಎಸ್‌ಟಿ ನಂಬರ್ ಇರುವ ಒಂದು ಚಿಕ್ಕ ಕಾರ್ಡ್ ಮಾಡಿಸಿ ಪ್ರತಿ ಎಂಜಿನಿಯರ್‌ಗೂ ಕೊಡಿ, ಅದರ ಫೋಟೋ ಅವರ ಫೋನಿನಲ್ಲೂ ಇರಲಿ. ಅದನ್ನು ತೋರಿಸಬೇಕಾದದ್ದು ಎರಡೇ ಕಡೆ: ಕರ್ನಾಟಕದೊಳಗಿನ ಲಾಡ್ಜ್‌ನ ಕೌಂಟರ್‌ನಲ್ಲಿ ಮತ್ತು ಬಿಡಿಭಾಗದ ಅಂಗಡಿಯಲ್ಲಿ. ಅದೂ ಬಿಲ್ ಬರೆಯುವ ಮೊದಲೇ.